ಅಪ್‌ಡೇಟ್: ಮರಳು ತುಂಬಿದ ಕನ್ವೇಯರ್ ಈಗ ನಿಂತಲ್ಲಿಂದಲೇ ಏಳುತ್ತದೆ

ಕೇಳಿದ್ದು: ಬೆಳಗಾವಿಯ ನಮ್ಮ ಫೌಂಡ್ರಿಯಲ್ಲಿ ಮರಳು ತುಂಬಿದ ಕನ್ವೇಯರ್ ನಿಂತರೆ ಮತ್ತೆ ಏಳಲ್ಲ. ಡ್ರೈವ್ ವಿ/ಎಫ್ ಮೋಡ್‌ನಲ್ಲಿದೆ, ಓವರ್‌ಕರೆಂಟ್ ಟ್ರಿಪ್ ಆಗುತ್ತೆ. ಏನು ಮಾಡಲಿ?

ಟಾರ್ಕ್ ಬೂಸ್ಟ್ ಏರಿಸಿದ್ದು ಉಪಯೋಗವಾಗಲಿಲ್ಲ. ಖಾಲಿ ಬೆಲ್ಟ್ ನಿಧಾನವಾಗಿ ಓಡುವಾಗಲೂ ಮೋಟಾರ್ ಜಾಸ್ತಿ ಬಿಸಿಯಾಯಿತು. ವೆಕ್ಟರ್ ಮೋಡ್‌ಗೆ ಹಾಕಿ ಅಂದವರ ಸಲಹೆ ಕೆಲಸ ಮಾಡಿತು. ಆದರೆ ಮೊದಲ ಸಲ ಲೋಡ್ ಇದ್ದಂತೆಯೇ ಆಟೋ ಟ್ಯೂನ್ ಮಾಡಿದ್ದೆ, ಮೋಟಾರ್ ಅದುರುತ್ತಿತ್ತು. ಕಪ್ಲಿಂಗ್ ಬಿಚ್ಚಿ, ನೇಮ್‌ಪ್ಲೇಟ್ ನೋಡಿ ವಿವರ ತುಂಬಿ, ಮತ್ತೆ ಟ್ಯೂನ್ ಮಾಡಿದ ಮೇಲೆ ಸರಿಹೋಯಿತು.

ಕಾರಣ ಈಗ ತಿಳಿಯಿತು. 415 ವೋಲ್ಟ್, 50 ಹರ್ಟ್ಸ್ ಮೋಟಾರ್‌ಗೆ ವಿ/ಎಫ್ ಲೆಕ್ಕದಲ್ಲಿ 3 ಹರ್ಟ್ಸ್‌ಗೆ ಸಿಗುವುದು ಸುಮಾರು 25 ವೋಲ್ಟ್ ಅಷ್ಟೇ. ಅದರಲ್ಲೂ ಒಂದು ಪಾಲನ್ನು ವೈಂಡಿಂಗ್‌ನ ರೆಸಿಸ್ಟೆನ್ಸ್ ತಿನ್ನುತ್ತದೆ. ಫ್ಲಕ್ಸ್ ಕುಸಿದರೆ ಟಾರ್ಕ್ ಎಲ್ಲಿಂದ ಬರಬೇಕು, ಅಲ್ವಾ? ವೆಕ್ಟರ್ ಮೋಡ್ ಫ್ಲಕ್ಸ್‌ಗೆ ಬೇಕಾದ ಕರೆಂಟನ್ನೂ ಟಾರ್ಕ್‌ಗೆ ಬೇಕಾದದ್ದನ್ನೂ ಬೇರೆ ಬೇರೆಯಾಗಿ ಹಿಡಿದಿಡುತ್ತದೆ.

ಒಂದೇ ಡ್ರೈವ್‌ನಲ್ಲಿ ಎರಡು ಮೋಟಾರ್ ಓಡುವ ಬ್ಲೋವರ್ ಮಾತ್ರ ವಿ/ಎಫ್‌ನಲ್ಲೇ ಇದೆ.