ಪಶ್ಚಿಮಕ್ಕೆ 100 ಚದರ ಮೀಟರ್ ಗಾಜು, ಯಾವುದು ಹಾಕಿಸೋದು?

ಕಟ್ಟಡದ ಮಾಲೀಕರು, ಬೆಂಗಳೂರು: ಮೂರು ಮಹಡಿಯ ಆಫೀಸ್ ಕಟ್ಟಿಸುತ್ತಿದ್ದೇನೆ, ರಸ್ತೆ ಪಶ್ಚಿಮಕ್ಕೆ. ಆ ಕಡೆ 12 ಮೀಟರ್ ಉದ್ದಕ್ಕೂ ಗಾಜು, ನೆಲದಿಂದ ಸೀಲಿಂಗ್‌ವರೆಗೆ 2.8 ಮೀಟರ್ ಎತ್ತರ, ಎಲ್ಲ ಸೇರಿ ಸುಮಾರು 100 ಚದರ ಮೀಟರ್. ಗ್ಲಾಸ್‌ನವರು ಮೂರು ರೇಟ್ ಕೊಟ್ಟಿದ್ದಾರೆ: ನೀಲಿ ರಿಫ್ಲೆಕ್ಟಿವ್ ಸಿಂಗಲ್, ಕ್ಲಿಯರ್ ಡಬಲ್, ಶಾಖ ತಡೆಯೋ ಲೋ-ಇ ಕೋಟಿಂಗ್ ಇರೋ ಡಬಲ್. ಕೊನೆಯದು ಸಿಕ್ಕಾಪಟ್ಟೆ ದುಬಾರಿ. ಎ.ಸಿ. ಲೋಡ್ ಇಳೀಬೇಕು, ಒಳಗೆ ಕತ್ತಲೆನೂ ಆಗಬಾರದು. ಹಾಕಿಸಿದವರು ಹೇಳಿ.

ಟೊರಾಂಟೊ ಕನ್ನಡಿಗ: ಡಬಲ್ ಗ್ಲಾಸ್ ಹಾಕಿಸಿ, ಯೋಚನೆನೇ ಬೇಡ. ಇಲ್ಲಿ ನಾವು ಕಿಟಕಿ ತಗೊಳ್ಳುವಾಗ ಮೊದಲು ನೋಡೋದು ಯು ವ್ಯಾಲ್ಯೂ, ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ಅಂತರ ಇದ್ದರೆ ಚದರ ಮೀಟರಿಗೆ ಎಷ್ಟು ವ್ಯಾಟ್ ಶಾಖ ಗಾಜು ದಾಟುತ್ತೆ ಅಂತ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಸಿಂಗಲ್ ಗಾಜು 5.7 ಇದ್ದರೆ ಕ್ಲಿಯರ್ ಡಬಲ್ 2.8, ಅಂದರೆ ಶಾಖ ಅರ್ಧಕ್ಕರ್ಧ ಕಡಿಮೆ. ಕೋಟಿಂಗ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಎ.ಸಿ. ಲೋಡ್ ಲೆಕ್ಕ ಹಾಕೋಳು: ಅಣ್ಣಾ, ನಿಮ್ಮ ಊರಿಗೆ ಅದು ಸರಿ. ಹೊರಗೆ ಮೈನಸ್ 15, ಒಳಗೆ 21 ಅಂದರೆ 36 ಡಿಗ್ರಿ ಅಂತರ, ಅಲ್ಲಿ ಯು ವ್ಯಾಲ್ಯೂ ಕೆಲಸ ಮಾಡುತ್ತೆ, ಚಳಿಗಾಲದ ಬಿಸಿಲು ಒಳಗೆ ಬಂದರೆ ನಿಮಗೆ ಲಾಭವೇ. ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 34, ಒಳಗೆ 24. ಬರೀ 10 ಡಿಗ್ರಿ. ಇಲ್ಲಿ ಶಾಖ ಬರೋದು ಗಾಳಿಯ ಬಿಸಿಯಿಂದಲ್ಲ, ನೇರ ಬಿಸಿಲಿನಿಂದ. ಅದನ್ನು ಹೇಳೋದು ಎಸ್‌ಎಚ್‌ಜಿಸಿ: ಗಾಜಿನ ಮೇಲೆ ಬಿದ್ದ ಬಿಸಿಲಲ್ಲಿ ಎಷ್ಟು ಪಾಲು ಒಳಗಿನ ಶಾಖ ಆಗುತ್ತೆ ಅಂತ.

ಲೆಕ್ಕ ಹಾಕಿಯೇ ನೋಡೋಣ. ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆಗೆ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಅಂತ ಇಟ್ಟುಕೊಳ್ಳಿ. ಕ್ಲಿಯರ್ ಡಬಲ್‌ನ ಎಸ್‌ಎಚ್‌ಜಿಸಿ 0.70ರ ಹತ್ತಿರ ಇರುತ್ತೆ. ಹಾಗಾದರೆ ಬಿಸಿಲಿಂದ 420 ವ್ಯಾಟ್, 10 ಡಿಗ್ರಿ ಅಂತರಕ್ಕೆ ಯು ವ್ಯಾಲ್ಯೂ ಲೆಕ್ಕದಲ್ಲಿ 28, ಒಟ್ಟು 448. ನೀಲಿ ಸಿಂಗಲ್ ಗ್ಲಾಸ್‌ನ ಎಸ್‌ಎಚ್‌ಜಿಸಿ 0.40, ಯು 5.7 ಅಂತ ಹಿಡಿದರೆ 240 ಮತ್ತು 57, ಒಟ್ಟು 297. ನೋಡಿ, ಸಿಂಗಲ್ ಗಾಜೇ ಡಬಲ್‌ಗಿಂತ ತಣ್ಣಗಿದೆ! ಲೋ-ಇ ಡಬಲ್, ಎಸ್‌ಎಚ್‌ಜಿಸಿ 0.25, ಯು 1.6 ಆದರೆ 150 ಮತ್ತು 16, ಒಟ್ಟು 166. ನಿಮ್ಮ 100 ಚದರ ಮೀಟರಿಗೆ ಇದು ಕ್ರಮವಾಗಿ 12.7 ಟನ್, 8.4 ಟನ್, 4.7 ಟನ್ ಎ.ಸಿ. ಒಳಗೆ ಬಂದ ಶಾಖದಲ್ಲಿ ಸ್ವಲ್ಪ ನೆಲ, ಮೇಜು ಹೀರಿಕೊಂಡು ತಡವಾಗಿ ಬಿಡುತ್ತವೆ, ಹಾಗಾಗಿ ಯಂತ್ರದ ಸೈಜ್ ಇದೇ ಆಗಬೇಕಿಲ್ಲ. ಆದರೆ ಹೋಲಿಕೆಗೆ ಇಷ್ಟು ಸಾಕು.

ಕ್ಲಿಯರ್ ಡಬಲ್ ಮಾತ್ರ ಬೇಡ.

ಕೆಂಗೇರಿಯಿಂದ: ನಮ್ಮ ಮನೇಲಿ ಬಸ್ಸಿನ ಸದ್ದು ತಡೆಯಕ್ಕೆ ಕ್ಲಿಯರ್ ಡಬಲ್ ಹಾಕಿಸಿದ್ವಿ, ತುಂಬಾ ಚೆನ್ನಾಗಿದೆ. ನಿಮಗೂ ರಸ್ತೆ ಪಕ್ಕ ಅಂದ್ರಲ್ಲ, ಹಾಕಿಸಿ. ಬಿಸಿಲಿಗೆ ಒಳಗಿಂದ ಕಪ್ಪು ಫಿಲ್ಮ್ ಅಂಟಿಸಿದ್ವಿ, ಕಡಿಮೆ ಖರ್ಚು. ಒಂದು ಗಾಜು ಮಾತ್ರ ಅಂಚಿಂದ ಸೀಳು ಬಿಡ್ತು, ಯಾಕೋ ಗೊತ್ತಿಲ್ಲ, ಯಾರೂ ಕಲ್ಲು ಹೊಡೆದಿಲ್ಲ.

ಫಸಾಡ್ ಸೈಟ್ ಎಂಜಿನಿಯರ್: ಸದ್ದಿನ ಮಾತು ಸರಿ, ಆದರೆ ಅವರು ಕೇಳಿದ್ದು ಅದಲ್ಲ. ನಿಮ್ಮ ಗಾಜು ಒಡೆದಿದ್ದು ಫಿಲ್ಮ್‌ನಿಂದಲೇ ಇರಬೇಕು. ಕಪ್ಪು ಫಿಲ್ಮ್ ಬಿಸಿಲು ಹೀರಿ ಗಾಜಿನ ನಡುಭಾಗವನ್ನು ಕಾಯಿಸುತ್ತೆ, ಫ್ರೇಮ್ ಒಳಗೆ ಅಡಗಿರೋ ಅಂಚು ತಣ್ಣಗೇ ಇರುತ್ತೆ. ನಡುಭಾಗ ಹಿಗ್ಗುತ್ತೆ, ಅಂಚು ಹಿಗ್ಗಲ್ಲ. ಟಫನ್ ಮಾಡದ ಗಾಜು ಅಂಚಿನಿಂದಲೇ ಸೀಳುತ್ತೆ, ಸೀಳು ಶುರುವಾಗೋ ಜಾಗದಲ್ಲಿ ಅಂಚಿಗೆ ನೇರ ಲಂಬವಾಗಿರುತ್ತೆ. ಬೇಕಾದರೆ ನೋಡಿ.

ಮಾಲೀಕರಿಗೆ ನನ್ನ ಸೈಟಿನ ಕಥೆ ಹೇಳ್ತೀನಿ. ಲೋ-ಇ ಡಬಲ್ ತರಿಸಿದ್ವಿ, ಪೇಪರಿನಲ್ಲಿ ಎಲ್ಲ ಸರಿ. ಹಾಕಿದ ಮೇಲೆ ಸಂಜೆ ಒಂದು ಮೂಲೆಯ ಸೀಟಿನಲ್ಲಿ ಯಾರೂ ಕೂರಲ್ಲ. ಅಲ್ಲಿನ ಒಳಗಾಜಿಗೆ ಕೈ ಇಟ್ಟರೆ ದೋಸೆ ಕಾವಲಿ ಆರುತ್ತಿರೋ ಹಾಗೆ ಬಿಸಿ. ಪಕ್ಕದ ಗಾಜುಗಳು ಅಷ್ಟಿಲ್ಲ. ನೋಡಿದರೆ 14 ಪ್ಯಾನೆಲ್ ತಿರುಗಾಮುರುಗಾ ಕೂತಿದ್ದವು. ಕೋಟಿಂಗ್ ಹೊರಗಾಜಿನ ಒಳಮೈ ಮೇಲೆ ಇರಬೇಕು, ಹೊರಗಿಂದ ಎಣಿಸಿದರೆ ಎರಡನೇ ಮೈ. ತಿರುಗಿಸಿ ಕೂರಿಸಿದ್ದರಿಂದ ಮೂರನೆಯದಕ್ಕೆ ಬಂದಿತ್ತು. ಕೋಟಿಂಗ್ ಹೀರಿದ ಬಿಸಿ ಹೊರಗೆ ಹೋಗೋ ಬದಲು ರೂಮಿನ ಕಡೆ ಬರ್ತಿತ್ತು. ತಮಾಷೆ ಅಂದರೆ ಯು ವ್ಯಾಲ್ಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಏರೋದು ಎಸ್‌ಎಚ್‌ಜಿಸಿ ಮಾತ್ರ.

ಪರೀಕ್ಷೆ ಸುಲಭ. ಮಬ್ಬು ಬೆಳಕಿನಲ್ಲಿ ಹೊರಗೆ ನಿಂತು ಗಾಜಿನ ಹತ್ತಿರ ಲೈಟರ್ ಹಚ್ಚಿ, ಓರೆಯಾಗಿ ನೋಡಿ. ನಾಲ್ಕು ಜ್ವಾಲೆ ಕಾಣುತ್ತವೆ. ಅದರಲ್ಲಿ ಒಂದರ ಬಣ್ಣ ಬೇರೆ ಇರುತ್ತೆ, ಅದೇ ಕೋಟಿಂಗ್. ನಿಮ್ಮ ಕಡೆಯಿಂದ ಎರಡನೆಯದು ಬೇರೆ ಬಣ್ಣ ಇದ್ದರೆ ಸರಿ, ಮೂರನೆಯದು ಇದ್ದರೆ ಸಿಲಿಕಾನ್ ಹೊಡೆಯೋ ಮುಂಚೆ ನಿಲ್ಲಿಸಿ.

ಕಟ್ಟಡದ ಮಾಲೀಕರು: ಲೋ-ಇಯಲ್ಲಿ ಎರಡು ಸ್ಯಾಂಪಲ್ ಕೊಟ್ಟಿದ್ದಾರೆ. ಒಂದು ಎಸ್‌ಎಚ್‌ಜಿಸಿ 0.25, ವಿಎಲ್‌ಟಿ, ಅಂದರೆ ಒಳಗೆ ಬರೋ ಬೆಳಕಿನ ಪಾಲು, 0.40. ಇನ್ನೊಂದು ಎಸ್‌ಎಚ್‌ಜಿಸಿ 0.19, ವಿಎಲ್‌ಟಿ 0.20. ಯು ಎರಡಕ್ಕೂ ಒಂದೇ. ಎರಡನೆಯದೇ ತಂಪು ಅಲ್ವಾ? ಆದರೆ ಬಜೆಟ್ ಯಾವುದಕ್ಕೂ ಸಾಲ್ತಿಲ್ಲ.

ಎ.ಸಿ. ಲೋಡ್ ಲೆಕ್ಕ ಹಾಕೋಳು: ಬಜೆಟ್‌ಗೆ ಮೊದಲು ಗಾಜು ಕತ್ತರಿಸಿ. ನೆಲದಿಂದ 90 ಸೆಂಟಿಮೀಟರ್‌ವರೆಗಿನ ಗಾಜು ಮೇಜಿನ ಕೆಳಗೆ ಬೆಳಕು ಕೊಡುತ್ತೆ, ಅಲ್ಲಿ ಡಸ್ಟ್‌ಬಿನ್ ಇರುತ್ತೆ. ಶಾಖ ಮಾತ್ರ ಪೂರ್ತಿ ಬರುತ್ತೆ. ಅಷ್ಟು ಭಾಗ ಗೋಡೆ ಕಟ್ಟಿಸಿ. ಗಾಜಿನ ಎತ್ತರ 1.9 ಮೀಟರ್ ಆದರೆ ಒಟ್ಟು 68 ಚದರ ಮೀಟರ್, ಲೋ-ಇಗೆ 3.2 ಟನ್. ಮೂರನೇ ಒಂದು ಪಾಲು ಗಾಜಿನ ದುಡ್ಡು ಉಳಿಯಿತು.

ಎರಡು ಸ್ಯಾಂಪಲ್‌ಗಳ ಅಂತರ 0.06. 68 ಚದರ ಮೀಟರಿಗೆ ಅದು ಸುಮಾರು 2.4 ಕಿಲೋವ್ಯಾಟ್, ಬಿಸಿಲು ಗರಿಷ್ಠ ಇದ್ದಾಗ ಮಾತ್ರ. ಆದರೆ ಅರ್ಧ ಬೆಳಕು ಹೋಯಿತು. ಗಾಜಿನ ಪಕ್ಕದ 5 ಮೀಟರ್ ಪಟ್ಟಿ ಮೂರು ಮಹಡಿ ಸೇರಿ 180 ಚದರ ಮೀಟರ್. ಅಲ್ಲಿ ಚದರ ಮೀಟರಿಗೆ 8 ವ್ಯಾಟ್ ಎಲ್‌ಇಡಿ ಬೆಳಗ್ಗೆಯಿಂದಲೇ ಉರಿದರೆ 1.4 ಕಿಲೋವ್ಯಾಟ್, ಅದೂ ಕೊನೆಗೆ ಶಾಖವೇ. ಪಶ್ಚಿಮಕ್ಕೆ ಬೆಳಗ್ಗೆ ನೇರ ಬಿಸಿಲೇ ಇಲ್ಲ, ಆಗ ಕಪ್ಪು ಗಾಜಿಂದ ಏನು ಲಾಭ? ನಾನಾದರೆ ಮೊದಲನೆಯದು. ಕಟ್ಟಡಗಳ ಇಂಧನ ಉಳಿತಾಯದ ಸಂಹಿತೆ ಇಸಿಬಿಸಿ 2017 ಕೂಡ ವಿಎಲ್‌ಟಿ 0.27ಕ್ಕಿಂತ ಕಡಿಮೆ ಬೇಡ ಅನ್ನುತ್ತೆ, ಎಸ್‌ಎಚ್‌ಜಿಸಿ ಮಿತಿಯೂ 0.27. ನಿಮ್ಮ ಕಟ್ಟಡ ಅಷ್ಟು ದೊಡ್ಡದಲ್ಲದೆ ಇರಬಹುದು, ಅಳತೆಗೋಲಿಗೆ ಇಟ್ಟುಕೊಳ್ಳಿ. ಮತ್ತೆ ಬ್ರೋಷರಿನ ಅಂಕಿ ಗಾಜಿನ ನಡುಭಾಗದ್ದು. ಅಲ್ಯೂಮಿನಿಯಂ ಫ್ರೇಮ್ ಸೇರಿದ ಯು ವ್ಯಾಲ್ಯೂ ಬರೆದು ಕೊಡಿ ಅಂತ ಕೇಳಿ.

ಫಸಾಡ್ ಸೈಟ್ ಎಂಜಿನಿಯರ್: ಇಲ್ಲಿ ನಾನು ಪೂರ್ತಿ ಒಪ್ಪಲ್ಲ. ಪಶ್ಚಿಮಕ್ಕೆ ವಿಎಲ್‌ಟಿ 0.40 ಇಟ್ಟರೆ ಸಂಜೆ ಸೂರ್ಯ ನೇರ ಸ್ಕ್ರೀನ್ ಮೇಲೆ. ಜನ ಬ್ಲೈಂಡ್ ಇಳಿಸ್ತಾರೆ, ಮಾರನೇ ದಿನ ಯಾರೂ ಎತ್ತಲ್ಲ, ಲೈಟು ಹೇಗೂ ಉರೀತದೆ. ನಿಮ್ಮ ಲೆಕ್ಕದ ಹಗಲು ಬೆಳಕು ಪೇಪರಿನಲ್ಲೇ ಉಳೀತು.

ಎ.ಸಿ. ಲೋಡ್ ಲೆಕ್ಕ ಹಾಕೋಳು: ಅದಕ್ಕೆ ಹೊರಗೆ ಬಿಸಿಲು ಮರೆ ಮಾಡೋ ಲಂಬ ಫಿನ್ ಹಾಕಲಿ. ಉಳಿದ ದುಡ್ಡು ಅಲ್ಲಿಗೆ.

ಫಸಾಡ್ ಸೈಟ್ ಎಂಜಿನಿಯರ್: ಪಾರಿವಾಳಕ್ಕೆ ಮನೆ ಆಯ್ತು.

ಕಟ್ಟಡದ ಮಾಲೀಕರು: 90 ಸೆಂಟಿಮೀಟರ್ ಗೋಡೆಗೆ ಆರ್ಕಿಟೆಕ್ಟ್ ಮುಖ ಸಿಂಡರಿಸಿದರು, ಆದರೆ ಒಪ್ಪಿದರು. ಎರಡೂ ಸ್ಯಾಂಪಲ್ ತರಿಸಿ ಒಂದನೇ ಮಹಡಿಯಲ್ಲಿ ಪಕ್ಕಪಕ್ಕ ನಿಲ್ಲಿಸ್ತೀನಿ, ನಾಲ್ಕು ಗಂಟೆಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ನೋಡ್ತೀನಿ. ಲೈಟರ್ ಈಗಲೇ ಜೇಬಲ್ಲಿದೆ.