ಪದಚರ್ಚೆ: ‘ತೂಕಕ್ಕೆ ತಕ್ಕಂತೆ’ ಎಂದರೆ ಯಾವಾಗಿನ ತೂಕ?

ಧಾರವಾಡದಿಂದ, ಅನುವಾದ ಮಾಡುವವಳು

ಬಳಗದವರಿಗೆ ನಮಸ್ಕಾರ. ಎಚ್‌ಐವಿ ಇರುವ ತಾಯಂದಿರು ಹೆರಿಗೆಯಾಗಿ ಮನೆಗೆ ಹೋಗುವಾಗ ಕೈಯಲ್ಲಿ ಕೊಡುವ ಒಂದು ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೂಸಿಗೆ ಸೋಂಕು ತಗಲದಿರಲಿ ಎಂದು ಹುಟ್ಟಿದ ಕೂಡಲೇ ನೆವಿರಪಿನ್ ಸಿರಪ್ ಶುರು ಮಾಡಿ, ದಿನಕ್ಕೊಮ್ಮೆಯಂತೆ ಆರು ವಾರ ಕುಡಿಸುತ್ತಾರೆ. ಅದನ್ನು ಎಷ್ಟು ಕುಡಿಸಬೇಕು ಎಂಬುದೇ ಚೀಟಿಯ ವಿಷಯ. ಮನೆಯಲ್ಲಿ ಯಾರ ಕೈಗಾದರೂ ಸಿಗಬಹುದು ಅಂತ ಕಾಯಿಲೆಯ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಇರುವ ನಾಲ್ಕು ಸಾಲೇ ಎಲ್ಲವನ್ನೂ ಹೇಳಬೇಕು.

ನಾನು ಬರೆದದ್ದು ಹೀಗಿತ್ತು: ‘ರೋಗನಿರೋಧಕ ಔಷಧಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ ನೀಡಿ. 2 ಕೆಜಿಯಿಂದ 2.5 ಕೆಜಿವರೆಗೆ 10 ಎಂಜಿ, 2.5 ಕೆಜಿಯಿಂದ ಮೇಲೆ 15 ಎಂಜಿ.’ ಓದಿದರೆ ಸರಿಯಾಗೇ ಇದೆ. ಆದರೆ ಪರಿಚಯದ ಒಬ್ಬ ಬಾಣಂತಿಗೆ ಇದನ್ನು ಓದಿ ಹೇಳಿ, ‘ನಿಮ್ಮ ಕೂಸು ಹುಟ್ಟಿದಾಗ 2.6 ಕೆಜಿ ಇತ್ತು, ಐದನೇ ದಿನ ತೂಗಿದರೆ 2.45 ಬಂತು ಅಂತ ತಿಳೀರಿ, ಆಗ ಎಷ್ಟು ಕುಡಿಸ್ತೀರಿ?’ ಎಂದು ಕೇಳಿದೆ. ಆಕೆ ಒಂದು ಕ್ಷಣವೂ ಯೋಚಿಸದೆ, ‘ಹತ್ತಕ್ಕ ಇಳಸ್ತೀನ್ರಿ, ತೂಕಕ್ಕ ತಕ್ಕಂಗ ಅಂತ ನೀವ ಹೇಳೀರಲ್ಲ’ ಅಂದಳು. ನನ್ನ ವಾಕ್ಯದ ಪ್ರಕಾರ ಆಕೆ ಹೇಳಿದ್ದೇ ಸರಿ. ವಾಕ್ಯವೇ ತಪ್ಪು.

ಹಾಗಾದರೆ ಹೇಗೆ ಬರೆಯಬೇಕು? ‘ರೋಗನಿರೋಧಕ ಔಷಧಿ’ ಕೂಡ ನನಗೆ ಅಷ್ಟು ಹಿಡಿಸಿಲ್ಲ. ಬೇರೆ ಪದ ಇದ್ದರೆ ತಿಳಿಸಿ.

ಹಾವೇರಿಯಿಂದ, ನಿವೃತ್ತ ಕನ್ನಡ ಮಾಸ್ತರರು

‘ತಕ್ಕಂತೆ’ ಎಂಬುದು ಜತೆಜತೆಗೇ ಬದಲಾಗುವುದಕ್ಕೆ ಹೇಳುವ ಮಾತು. ‘ಕಾಲಕ್ಕೆ ತಕ್ಕಂತೆ ಕೋಲ’ ಎನ್ನುತ್ತೇವೆ. ಕಾಲ ಬದಲಾದರೆ ಕೋಲವೂ ಬದಲಾಗಬೇಕು. ನಿಮ್ಮ ಬಾಣಂತಿಗೆ ಕೇಳಿಸಿದ್ದು ಆ ಅರ್ಥವೇ. ಹುಟ್ಟಿದಾಗಿನ ತೂಕವೊಂದೇ ಲೆಕ್ಕವಾದರೆ ‘ಹುಟ್ಟುತೂಕ’ ಎಂಬ ಜೋಡುಪದವಿದೆ, ಬಳಸಿ. ಔಷಧಕ್ಕೆ ‘ಮುನ್ತಡೆಮದ್ದು’ ಎನ್ನಬಹುದು. ಅಚ್ಚಗನ್ನಡ, ಅರ್ಥವೂ ನೇರ.

ಹುಬ್ಬಳ್ಳಿಯಿಂದ, ಔಷಧ ಅಂಗಡಿಯವರು

ಮಾಸ್ತರ ಮಾತು ವ್ಯಾಕರಣಕ್ಕ ಸರಿ ಇರಬಹುದು, ಆದ್ರ ಔಷಧದ ಲೆಕ್ಕ ಹಂಗಿಲ್ಲ. ಇಪ್ಪತ್ತು ವರ್ಷದಿಂದ ಕೌಂಟರಿನ್ಯಾಗ ನಿಂತೀನಿ. ಮಕ್ಕಳ ಸಿರಪ್ ಯಾವುದೇ ಇರಲಿ, ಇವತ್ತಿನ ತೂಕ ನೋಡೇ ಕೊಡೋದು. ಜ್ವರದ ಪ್ಯಾರಾಸಿಟಮಾಲ್‌ಗೆ ಮೂರು ತಿಂಗಳ ಹಿಂದಿನ ತೂಕ ಹಿಡಿದರ ನಡೀತದೇನು? ‘ತೂಕಕ್ಕೆ ತಕ್ಕಂತೆ’ ಅಂತನ ಇರಲಿ. ಇನ್ನ ಎಂಜಿ, ಎಂಎಲ್ ಎರಡೂ ಬರೆದು ಗೊಂದಲ ಮಾಡಬ್ಯಾಡ್ರಿ. ಒಂದ ಇಡ್ರಿ.

ಗದಗಿನಿಂದ, ಮಕ್ಕಳ ವಾರ್ಡಿನ ಸಿಸ್ಟರ್

ಅಣ್ಣಾವ್ರು ಹೇಳಿದ್ದರಲ್ಲಿ ಅರ್ಧ ಖರೆ ಐತಿ. ಜ್ವರದ ಸಿರಪ್‌ಗೆ ಇವತ್ತಿನ ತೂಕವೇ ಬೇಕು. ಇದೇ ಕೂಸುಗಳಿಗೆ ಆರು ವಾರ ಆದಮೇಲೆ ಕೋಟ್ರೈಮೊಕ್ಸಜೋಲ್ ಅಂತ ಇನ್ನೊಂದು ಸಿರಪ್ ಶುರುವಾಗತದ, ಅದಕ್ಕೂ ಆಗಿನ ತೂಕ ನೋಡತೀವಿ. ಆದರೆ ನೆವಿರಪಿನ್‌ನ ಮೊದಲ ಆರು ವಾರದ ಪಟ್ಟಿ ಹುಟ್ಟಿದಾಗಿನ ತೂಕದ ಮೇಲೆ ಮಾಡಿದ್ದು. ಕೂಸು ಮೊದಲ ವಾರ ಸ್ವಲ್ಪ ಸೊರಗೋದು ಎಲ್ಲಾ ಮನಿಯಾಗೂ ನೋಡಿದ್ದೇ. ಆಮೇಲೆ ಹಾಲು ಕುಡಿದು ಏರತದ. ಆ ಏರಿಳಿತಕ್ಕೆ ಪಟ್ಟಿ ಬದಲಾಗೋದಿಲ್ಲ. 2.6 ಕೆಜಿ ಹುಟ್ಟಿದ ಕೂಸಿಗೆ 15 ಎಂಜಿ ಅಂದ್ರ ಆರು ವಾರವೂ 15 ಎಂಜಿ. ಇಳಿಸಿದರ ಔಷಧ ಕಡಿಮಿ ಬಿದ್ದು, ಕೂಸಿಗೆ ಕಾವಲು ಇಲ್ಲದಂಗ ಆಗತದ.

ಒಂದು ಮಾತು ಇಲ್ಲೇ ಸೇರಿಸತೀನಿ. ಕೆಲವು ಕೂಸುಗಳಿಗೆ ಆರು ವಾರ ಸಾಲೋದಿಲ್ಲ, ಹನ್ನೆರಡು ವಾರ ಬೇಕಾಗತದ. ಅವರಿಗೆ ಆರು ವಾರ ದಾಟಿದ ಮೇಲೆ ನೆವಿರಪಿನ್ ದಿನಕ್ಕ 20 ಎಂಜಿ ಆಗತದ, ತೂಕ ಎಷ್ಟೇ ಇರಲಿ. ಅಲ್ಲಿ ಬದಲಾಯಿಸೋದು ವಯಸ್ಸು. ಯಾಕಂದ್ರ ಈಗ ಹುಟ್ಟಿದ ಕೂಸಿನ ಲಿವರ್ ಈ ಔಷಧವನ್ನು ಭಾಳ ನಿಧಾನ ಕರಗಿಸತದ, ವಾರಗಳು ಹೋದಂಗ ಚುರುಕಾಗತದ. ಹಿಂಗಾಗಿ ‘ತೂಕಕ್ಕೆ ತಕ್ಕಂತೆ’ ಅನ್ನೋ ಮಾತೇ ಇಲ್ಲಿ ದಾರಿ ತಪ್ಪಿಸತದ.

ಎಂಜಿ–ಎಂಎಲ್ ವಿಷಯದಾಗ ಮಾತ್ರ ಅಣ್ಣಾವ್ರು ಹೇಳಿದ್ದು ಒಪ್ಪತೀನಿ: ತಾಯಿಗೆ ಒಂದೇ ಬರೀರಿ, ಮತ್ತ ಅದು ಎಂಎಲ್ ಇರಲಿ. ಆಕಿ ಕೈಯಾಗ ಇರೋದು ಸಿರಿಂಜು, ಸಿರಿಂಜಿನ ಮ್ಯಾಲೆ ಎಂಜಿ ಇರೋದಿಲ್ಲ. ಬಾಟಲಿ ಮ್ಯಾಲೆ 5 ಎಂಎಲ್‌ಗೆ 50 ಎಂಜಿ ಅಂತ ಅಚ್ಚಾಗಿರತದ. ಅಂದ್ರ ಒಂದು ಎಂಎಲ್‌ನಾಗ ಹತ್ತು ಎಂಜಿ. ‘ಹತ್ತು ಕುಡಿಸ್ರಿ’ ಅಂತ ಕೇಳಿಸಿಕೊಂಡವಳು ಹತ್ತು ಎಂಎಲ್ ತುಂಬಿದರೆ ಹತ್ತು ಪಟ್ಟು ಆಗತದ.

ಧಾರವಾಡದಿಂದಲೇ, ಒಬ್ಬ ಅಜ್ಜ

ಚೀಟಿ ಮಾಡತಿರೋದು ಒಳ್ಳೇ ಕೆಲಸ. ನನ್ನ ಮೊಮ್ಮಗನಿಗೆ ರೋಗನಿರೋಧಕ ಹಾಕಿಸುವಾಗ ಯಾರೂ ತೂಕ ಕೇಳಲಿಲ್ಲ. ಎರಡು ಹನಿ ಅಂದರೆ ಎರಡೇ ಹನಿ, ಕೂಸು ದಪ್ಪ ಇರಲಿ ಸಣ್ಣ ಇರಲಿ. ನೀವೂ ಹನಿ ಲೆಕ್ಕ ಹೇಳಿಬಿಡಿ, ಹಳ್ಳಿಯವರಿಗೆ ಬೇಗ ತಿಳಿಯುತ್ತದೆ. ಒಮ್ಮೆ ಹಾಕಿಸಿದರೆ ಮುಗೀತಲ್ಲ?

ಧಾರವಾಡದಿಂದ, ಪ್ರಶ್ನೆ ಕೇಳಿದವಳು

ಅಜ್ಜಾರೇ, ನೀವು ಹೇಳುತ್ತಿರುವುದು ಪೋಲಿಯೊ ಹನಿ. ತಪ್ಪು ನಿಮ್ಮದಲ್ಲ, ‘ರೋಗನಿರೋಧಕ’ ಎಂದು ಬರೆದ ನನ್ನದು. ಆ ಪದ ಕೇಳಿದರೆ ಎಲ್ಲರಿಗೂ ಲಸಿಕೆಯೇ ನೆನಪಾಗುತ್ತದೆ, ಲಸಿಕೆ ಎಂದರೆ ಹೇಳಿದ ದಿನ ಹಾಕಿಸಿಕೊಂಡು ಬರುವುದು. ಇದಾದರೋ ನಲವತ್ತೆರಡು ದಿನ ಬಿಡದೆ ನಡೆಯಬೇಕಾದದ್ದು. ಪದವನ್ನು ಕೈಬಿಟ್ಟೆ. ಹನಿಯ ಲೆಕ್ಕವೂ ಬೇಡ. ಹನಿಯ ಗಾತ್ರ ಕೊಳವೆಯಿಂದ ಕೊಳವೆಗೆ ಬೇರೆಯಾಗುತ್ತದೆ.

ಮಾಸ್ತರರೇ, ‘ಹುಟ್ಟುತೂಕ’ ತೆಗೆದುಕೊಂಡೆ. ‘ಮದ್ದು’ ಮಾತ್ರ ನಮ್ಮ ಕಡೆ ಕಷ್ಟ. ‘ಯಾರೋ ಮದ್ದು ಹಾಕ್ಯಾರ’ ಅಂದರೆ ಇಡುಮದ್ದು, ಕೇಡು ಮಾಡಲು ಊಟದಲ್ಲಿ ಬೆರೆಸಿಕೊಟ್ಟದ್ದು. ಬಾಣಂತಿಯ ಮನೆಯಲ್ಲಿ ಆ ಪದ ಬೇಡ. ‘ಎಣ್ಣಿ’ಯೂ ಬೇಡ, ಎಣ್ಣಿ ಎಂದರೆ ಹೊಲಕ್ಕೆ ಹೊಡೆಯುವುದು, ‘ಎಣ್ಣಿ ಕುಡದಾನ’ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಬಾಣಂತಿಯರೇ ‘ಸಿರಪ್’ ಎನ್ನುತ್ತಾರೆ, ಅದನ್ನೇ ಇಟ್ಟೆ.

ಈಗಿನ ಕರಡು: ‘ನಿಮ್ಮ ಕೂಸಿನ ಹುಟ್ಟುತೂಕ ತಾಯಿ ಕಾರ್ಡಿನಲ್ಲಿದೆ. ಅದು 2 ಕೆಜಿಯಿಂದ 2.5 ಕೆಜಿವರೆಗೆ ಇದ್ದರೆ ಈ ಸಿರಪ್ ದಿನಕ್ಕೆ ಒಂದು ಸಲ 1 ಎಂಎಲ್ ಕುಡಿಸಿ. 2.5 ಕೆಜಿಯಿಂದ ಮೇಲೆ ಇದ್ದರೆ 1.5 ಎಂಎಲ್ ಕುಡಿಸಿ. ಆಮೇಲೆ ತೂಕ ಇಳಿದರೂ ಏರಿದರೂ ಅಷ್ಟೇ ಕುಡಿಸಿ.’

ಗದಗಿನ ಸಿಸ್ಟರ್

ಭಾಳ ಚಲೋ ಆಗೇತಿ. ಆದರೂ ಮೂರು ಕಡೆ ಕೈ ಹಾಕತೀನಿ, ಸಿಟ್ಟಾಗಬ್ಯಾಡ್ರಿ.

ಮೊದಲನೇದು ನಿಮ್ಮ ಕನ್ನಡದ್ದೇ. ‘2.5 ಕೆಜಿಯಿಂದ ಮೇಲೆ’ ಅಂದರೆ ಸರಿಯಾಗಿ ಎರಡೂವರೆ ಇರೋ ಕೂಸು ಯಾವ ಸಾಲಿಗೆ ಸೇರಬೇಕು? ಮೇಲಿನ ಸಾಲಿಗೂ ಬರತದ, ಕೆಳಗಿನ ಸಾಲಿಗೂ ಬರತದ. ತಕ್ಕಡಿಯಾಗ ಸರಿಯಾಗಿ 2.5 ಬರೋದು ಅಪರೂಪ ಅಲ್ಲ, ಬರೆಯುವವರು ಹತ್ತಿರದ ಅಂಕಿಗೆ ಕೂಡಿಸಿಬಿಡತಾರ. ಪಟ್ಟಿಯ ಪ್ರಕಾರ 2.5 ಇರೋ ಕೂಸಿಗೆ 1 ಎಂಎಲ್. ‘2.5 ಕೆಜಿಗಿಂತ ಹೆಚ್ಚು’ ಅಂತ ಬರೀರಿ.

ಎರಡನೇದು ‘1.5’. ನಾವು ಬಾಯಾಗ ‘ಒಂದ ಪಾಯಿಂಟ್ ಐದ’ ಅಂತ ಹೇಳಿದರೆ ಮನಿಗೆ ಹೋಗೂದರೊಳಗ ಪಾಯಿಂಟ್ ಉದುರಿ ಹೋಗಿರತದ. ‘ದೀಡ’ ಅಂದರೆ ಅತ್ತಿ, ಸೊಸಿ ಇಬ್ಬರಿಗೂ ತಪ್ಪೋದಿಲ್ಲ. ‘ಒಂದೂವರೆ’ ಅಂತ ಅಕ್ಷರದಾಗ ಬರೆದು, ಸಿರಿಂಜಿನ ಚಿತ್ರ ಹಾಕಿ ಅಷ್ಟಕ್ಕ ಗೆರಿ ಎಳೀರಿ. ನಾನಂತೂ ಸಿರಿಂಜಿನ ಮ್ಯಾಲೇ ಪೆನ್ನಿನಿಂದ ಗೆರಿ ಹಾಕಿ, ನನ್ನ ಮುಂದ ಒಮ್ಮೆ ತುಂಬಿಸಿ ನೋಡೇ ಕಳಿಸೋದು. ತುಂಬೋ ಮೊದಲು ಬಾಟಲಿ ಅಲುಗಾಡಿಸಬೇಕು, ಔಷಧ ತಳಕ್ಕ ಕೂತಿರತದ.

ಮೂರನೇದು ನೀವು ಬರೀದೇ ಬಿಟ್ಟದ್ದು: ಎರಡು ಕೆಜಿಗಿಂತ ಕಡಿಮಿ ಕೂಸು. ಇಲ್ಲಿ ಮಾತ್ರ ಕೆಜಿಗೆ 2 ಎಂಜಿಯಂತೆ ಖರೇನ ಗುಣಿಸಬೇಕು. ಮೊನ್ನೆ 1.8 ಕೆಜಿ ಕೂಸೊಂದು ಇತ್ತು. 1.8 ಎರಡ್ಲೆ 3.6 ಎಂಜಿ, ಸಿರಪ್ಪಿನಾಗ 0.36 ಎಂಎಲ್. ಅದಕ್ಕ 1 ಎಂಎಲ್ ಕೊಟ್ಟಿದ್ದರೆ ಹತ್ತಿರ ಹತ್ತಿರ ಮೂರು ಪಟ್ಟು ಆಗತಿತ್ತು. 2 ಎಂಎಲ್ ಸಿರಿಂಜಿನಾಗ 0.36 ತೋರಿಸೋ ಗೆರಿ ಇಲ್ಲ, ಒಂದು ಎಂಎಲ್‌ದು ಸಣ್ಣ ಗೆರಿ ಇರೋದೇ ಬೇಕು. ಕೆಲವರು ಮನಿಯಾಗ ಅಜ್ಜಿದು ಇನ್ಸುಲಿನ್ ಸಿರಿಂಜು ಐತಿ ಅಂತ ಅದನ್ನ ಹಿಡೀತಾರ. ಅದರ ಮ್ಯಾಲಿನ ಅಂಕಿ ಇನ್ಸುಲಿನ್ ಯೂನಿಟ್. ಒಂದು ಎಂಎಲ್‌ಗೆ ನಲವತ್ತು ಯೂನಿಟ್ ಇರೋ ಸಿರಿಂಜಿನಾಗ ‘36’ರ ಗೆರಿ ತನಕ ತುಂಬಿದರೆ 0.9 ಎಂಎಲ್ ಬರತದ. ಇಂಥ ಕೂಸುಗಳಿಗೆ ಚೀಟಿಯಾಗ ಅಂಕಿ ಅಚ್ಚು ಹಾಕಬ್ಯಾಡ್ರಿ, ಖಾಲಿ ಗೆರಿ ಬಿಡ್ರಿ. ಡಾಕ್ಟರು ಕೈಯಾರೆ ಬರೀಲಿ, ಮುಂದ ಯಾವಾಗ ಬದಲಾಯಿಸಬೇಕು ಅನ್ನೋದನ್ನೂ ಅವರೇ ಹೇಳಲಿ.

ಹುಬ್ಬಳ್ಳಿಯ ಅಂಗಡಿಯವರು

ತಿಳೀತು ಸಿಸ್ಟರ್. ಇದು ಕೌಂಟರಿಗೆ ಬರೋ ಸಿರಪ್ ಅಲ್ಲ, ನನಗ ಅದರ ಪಟ್ಟಿ ಗೊತ್ತಿರಲಿಲ್ಲ. ಆದರ ಒಂದು ಸಂಶಯ. ಕೆಲವು ಕೂಸಿಗೆ ಎರಡು ಬಾಟಲಿ ಕೊಡೋದು ನೋಡೀನಿ, ಎರಡನೇದು ಜಿಡೋವುಡಿನ್. ಚೀಟಿಯಾಗ ‘ಈ ಸಿರಪ್’ ಅಂದರೆ ಯಾವುದು?

ಗದಗಿನ ಸಿಸ್ಟರ್

ಒಳ್ಳೇ ಪ್ರಶ್ನೆ ಕೇಳಿದಿರಿ. ತಾಯಿಯ ರಕ್ತದಾಗ ವೈರಸ್ ಹತೋಟಿಗೆ ಬಂದಿರದಿದ್ದರೆ, ಇಲ್ಲಾ ಆಕಿ ಗುಳಿಗಿ ಶುರುವೇ ಮಾಡಿರದಿದ್ದರೆ, ಕೂಸಿಗೆ ಎರಡೂ ಕೊಡತೀವಿ. ತಾಯಿಗೆ ಎಚ್‌ಐವಿ-2 ಇದ್ದರೆ ನೆವಿರಪಿನ್ ಕೆಲಸ ಮಾಡೋದಿಲ್ಲ, ಜಿಡೋವುಡಿನ್ ಒಂದೇ. ನೆವಿರಪಿನ್ ದಿನಕ್ಕ ಒಂದು ಸಲ, ಜಿಡೋವುಡಿನ್ ಎರಡು ಸಲ. ಎರಡಕ್ಕೂ ಒಂದೇ ಚೀಟಿ ಮಾಡಿದರೆ ಅದಲು ಬದಲು ಆಗೋದು ಗ್ಯಾರಂಟಿ. ಬ್ಯಾರೆ ಬ್ಯಾರೆ ಬಣ್ಣದ ಎರಡು ಚೀಟಿ ಮಾಡ್ರಿ, ಹೆಸರನ್ನ ಬಾಟಲಿ ಮ್ಯಾಲೆ ಇದ್ದಂಗೇ ಕನ್ನಡದಾಗ ಬರೀರಿ.

ಹಾವೇರಿಯ ಮಾಸ್ತರರು

‘ಮದ್ದು’ ಬಿಟ್ಟೆ. ನಾನು ಓದಿದ ಪುಸ್ತಕದ ಮದ್ದು ಬೇರೆ, ಊರಿನ ಮದ್ದು ಬೇರೆ. ‘ಗಿಂತ ಹೆಚ್ಚು’ ಮತ್ತು ‘ಇಂದ ಮೇಲೆ’ ಕುರಿತು ಸಿಸ್ಟರ್ ಹೇಳಿದ್ದನ್ನು ನಾನೇ ಮೊದಲು ಹಿಡಿಯಬೇಕಿತ್ತು. ಆದರೆ ಮೂಲ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಚೀಟಿಗೆ ‘ಸಿರಪ್’ ಸಾಕು, ಒಪ್ಪಿದೆ. ಸಿಸ್ಟರುಗಳಿಗೆ ತರಬೇತಿ ಪುಸ್ತಕ ಬರೆಯುವಾಗ ಏನೆನ್ನುತ್ತೀರಿ? ಆರು ವಾರದ ಮೇಲೆ ಕೊಡುವ ಆ ಕೋಟ್ರೈಮೊಕ್ಸಜೋಲ್ ಕೂಡ ಮುಂಚಿತವಾಗಿ ಕೊಡುವುದೇ, ಬೇರೆ ಸೋಂಕುಗಳಿಗೆ. ಎರಡಕ್ಕೂ ‘ಮುಂಜಾಗ್ರತಾ ಔಷಧ’ ಎಂದರೆ ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ?

ಧಾರವಾಡದಿಂದ, ಪ್ರಶ್ನೆ ಕೇಳಿದವಳು

ಅಲ್ಲೇ ನಾನೂ ನಿಂತಿದ್ದೇನೆ ಮಾಸ್ತರರೇ. ಸಿಸ್ಟರ್ ಒಮ್ಮೆ ‘ಕಾವಲು’ ಅಂದರಲ್ಲ, ‘ಕಾವಲು ಔಷಧ’ ಅಂತ ಬರೆದು ಒಂದು ಪುಟ ಮಾಡಿ ನೋಡುತ್ತೇನೆ. ಚೀಟಿಯನ್ನು ತಿದ್ದಿದ್ದಾಗಿದೆ: ಹುಟ್ಟುತೂಕ, ‘2.5 ಕೆಜಿಗಿಂತ ಹೆಚ್ಚು’, ‘ಒಂದೂವರೆ ಎಂಎಲ್’, ಸಿರಿಂಜಿನ ಚಿತ್ರ, ಎರಡು ಕೆಜಿಗಿಂತ ಕಡಿಮೆಯವರಿಗೆ ಖಾಲಿ ಗೆರೆ. ನಾಳೆ ಅದೇ ಬಾಣಂತಿಗೆ ಮತ್ತೆ ಓದಿ ಹೇಳುವವಳಿದ್ದೇನೆ.