ಚಾಕುವಿನಿಂದ ಕತ್ತರಿಸಿದ ಶಾವಿಗೆ ಉಪ್ಪಿಟ್ಟು

ಕಳೆದ ಭಾನುವಾರ ಗೆಳೆಯರನ್ನು ತಿಂಡಿಗೆ ಕರೆದು, ಶಾವಿಗೆ ಉಪ್ಪಿಟ್ಟನ್ನು ಚಾಕುವಿನಿಂದ ಕತ್ತರಿಸಿ ಬಡಿಸಿದೆ. ಸೌಟಿಗೆ ಅದು ಬಗ್ಗಲಿಲ್ಲ.

ಶೀನ ತಟ್ಟೆಯನ್ನು ತಲೆಕೆಳಗೆ ಹಿಡಿದ. ಉಪ್ಪಿಟ್ಟು ಬೀಳಲಿಲ್ಲ. "ಉಪ್ಪಿಟ್ಟಿಗೆ ಕಾಂಕ್ರೀಟ್ ಅಂತ ಸುಮ್ನೆ ಹೆಸರಿಟ್ಟಿದ್ದಾರೆ ಅಂದುಕೊಂಡಿದ್ದೆ ಕಣೋ" ಎಂದ.

ಸುಮಾ ನಗಲಿಲ್ಲ. ಡಾಕ್ಟರ ಹಾಗೆ ವಿಚಾರಣೆ ಶುರು ಮಾಡಿದಳು.

"ನೀರು ಎಷ್ಟು ಹಾಕಿದೆ?"

"ರವೆ ಉಪ್ಪಿಟ್ಟಿನ ಲೆಕ್ಕ. ಒಂದು ಲೋಟಕ್ಕೆ ಎರಡೂವರೆ."

"ಹುರಿದೆಯಾ?"

"ಪ್ಯಾಕೆಟ್ ಮೇಲೆ ಹುರಿದದ್ದು ಅಂತ ಬರೆದಿತ್ತಲ್ಲ!"

"ಆಮೇಲೆ ಕೈಯಾಡಿಸಿದೆಯಾ?"

"ತಳ ಹಿಡಿಯಬಾರದು ಅಂತ ಬಿಡದೆ ಆಡಿಸಿದೆ." ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ.

"ಮೂರು ಅಪರಾಧ" ಎಂದು ಸುಮಾ ಎದ್ದು ಅಡುಗೆಮನೆಗೆ ನಡೆದಳು. ನಾವು ಹಿಂದೆ ಹೋದೆವು.

ಬಾಣಲೆಗೆ ಒಂದು ಚಮಚ ಎಣ್ಣೆ, ಒಂದು ಲೋಟ ಶಾವಿಗೆ, ಸಣ್ಣ ಉರಿ. "ಹುರಿದದ್ದು ಅಂತ ಬರೆದಿದ್ದರೂ ಇನ್ನೊಂದು ಸಲ ಹುರೀಬೇಕು. ಎಳೆ ಎಳೆಗೂ ಎಣ್ಣೆ ಸವರಿ, ಹೊರಗಿನ ಹಿಟ್ಟು ಬಿಸಿಗೆ ಗಟ್ಟಿಯಾದರೆ ನೀರಲ್ಲಿ ಅಂಟು ಬಿಡೋದು ಕಡಿಮೆ." ಐದು ನಿಮಿಷ ಹುರಿದಳು. ಎಲ್ಲವೂ ಬಿಸ್ಕತ್ತಿನ ಬಣ್ಣಕ್ಕೆ ಬಂತು. ಕೆಲವು ಕಪ್ಪು, ಕೆಲವು ಬಿಳಿ ಆದರೆ ಉರಿ ಜಾಸ್ತಿಯಾಯಿತು ಅಂತ ಅರ್ಥವಂತೆ. ಬಿಳಿ ಉಳಿದವೇ ಮೊದಲು ಮುದ್ದೆಯಾಗುತ್ತವೆ.

ಹುರಿದದ್ದನ್ನು ತಟ್ಟೆಗೆ ಸುರಿದು, ಅದೇ ಬಾಣಲೆಯಲ್ಲಿ ಒಗ್ಗರಣೆ ಮಾಡಿ ಈರುಳ್ಳಿ ಬಾಡಿಸಿದಳು. ಉಪ್ಪು ಹಾಕಿ, ಒಂದೂವರೆ ಲೋಟ ನೀರು ಸುರಿದಳು. ನೀರು ಬೆಚ್ಚಗಾಗುತ್ತಿದ್ದ ಹಾಗೇ ನಾನು ಶಾವಿಗೆ ಎತ್ತಿಕೊಂಡೆ. "ತಡಿ, ಕೊತಕೊತ ಅನ್ನಲಿ. ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಬೇಯೋಕೆ ಮೊದಲೇ ನೆನೆದು ಅಂಟಾಗುತ್ತೆ."

ಶಾವಿಗೆ ಹಾಕಿದ ಮೇಲೆ ಒಂದೇ ಸಲ ಕೈಯಾಡಿಸಿ, ಮುಚ್ಚಳ ಹಾಕಿ, ಉರಿ ಸಣ್ಣಗೆ ಮಾಡಿದಳು. ನನ್ನ ಕೈ ಸೌಟಿನ ಕಡೆ ಹೋಯಿತು. ಅವಳು ಸೌಟನ್ನೇ ಬಚ್ಚಿಟ್ಟಳು. ನಾಲ್ಕು ನಿಮಿಷಕ್ಕೆ ನೀರು ಇಂಗಿತು. ಒಲೆ ಆರಿಸಿ ಮತ್ತೆ ಐದು ನಿಮಿಷ ಮುಚ್ಚಿಟ್ಟಳು. ಆಮೇಲೆ ಫೋರ್ಕಿನ ತುದಿಯಿಂದ ಮೆಲ್ಲಗೆ ಕೆದಕಿದಾಗ ಎಳೆ ಎಳೆಯಾಗಿ ಬಿಟ್ಟಿತು. ನಿಂಬೆರಸ ಕೊನೆಗೆ.

"ಎಲ್ಲ ಶಾವಿಗೆಗೂ ಒಂದೂವರೇನಾ?" ರಘು ಕೇಳಿದ.

"ತೀರಾ ಸಣ್ಣ ಎಳೆಗೆ ಅಷ್ಟೂ ಬೇಡ. ಮೊದಲ ಸಲ ಕಡಿಮೆ ಹಾಕು. ಗಟ್ಟಿಯಿದ್ದರೆ ಬಿಸಿನೀರು ಚಿಮುಕಿಸಬಹುದು. ಹೆಚ್ಚಾದ ನೀರನ್ನು ಹೊರಗೆ ಕರೆಯೋಕಾಗಲ್ಲ."

ಹತ್ತು ಜನಕ್ಕೆ ಮಾಡುವಾಗ ಅವಳದ್ದು ಬೇರೆ ದಾರಿ. ದೊಡ್ಡ ಪಾತ್ರೆ ತುಂಬಾ ಉಪ್ಪು ಹಾಕಿದ ನೀರು ಕುದಿಸಿ, ಹುರಿದ ಶಾವಿಗೆಯನ್ನು ಎರಡು ಮೂರು ನಿಮಿಷ ಬೇಯಿಸುವುದು. ಒಂದು ಎಳೆಯನ್ನು ಉಗುರಿನಿಂದ ಮುರಿದಾಗ ನಡುವೆ ಬಿಳಿ ಚುಕ್ಕೆ ಇನ್ನೂ ಕಾಣುವಾಗಲೇ ಬಸಿದು, ತಣ್ಣೀರು ಹರಿಸಿ, ಚಮಚ ಎಣ್ಣೆ ಹಚ್ಚಿ ತಟ್ಟೆಯಲ್ಲಿ ಹರಡುವುದು. ಆರಿದ ಮೇಲೆ ಒಗ್ಗರಣೆಗೆ ಬೆರೆಸುವುದು.

"ಎಣ್ಣೆಸ್ನಾನ ಅನ್ನು" ಎಂದ ಶೀನ.

"ಸ್ನಾನ ಆದ ಮೇಲೆ ಎಣ್ಣೆ" ಎಂದು ಸುಮಾ ತಿದ್ದಿದಳು.

ರಘುವಿನದು ಸಿಹಿಯ ದುಃಖ. ಹಬ್ಬದ ದಿನ ಅವನ ಪಾಯಸ ಹನ್ನೊಂದು ಗಂಟೆಗೆ ಲೋಟದಲ್ಲಿತ್ತು, ಊಟದ ಹೊತ್ತಿಗೆ ಹಲ್ವಾ ಆಗಿ ಎಲೆಯ ಮೇಲೆ ಕೂತಿತ್ತು. "ಅರ್ಧ ಲೀಟರ್ ಹಾಲಿಗೆ ಒಂದು ಲೋಟ ಶಾವಿಗೆ ಹಾಕಿದ್ದೆ" ಎಂದ.

"ಅದು ಪಾಯಸ ಅಲ್ಲ ಮಾರಾಯ, ಶಾವಿಗೆಗೆ ಹಾಲಿನ ಒಗ್ಗರಣೆ. ಅದಕ್ಕೆ ಕಾಲು ಲೋಟ ಸಾಕು. ಒಲೆ ಆರಿಸಿದ ಮೇಲೂ ಅದು ಹಾಲು ಕುಡೀತಾನೇ ಇರುತ್ತೆ. ಇನ್ನೂ ತೆಳ್ಳಗೆ ಅನ್ನಿಸುವಾಗಲೇ ಇಳಿಸು. ಬಡಿಸುವಾಗ ಬಿಸಿ ಹಾಲು ಬೆರೆಸು." ತುಪ್ಪದಲ್ಲಿ ಹುರಿಯುವುದು ಇಲ್ಲೂ ಬಿಡುವ ಹಾಗಿಲ್ಲ. ಸಕ್ಕರೆ ಮಾತ್ರ ಶಾವಿಗೆ ಪೂರ್ತಿ ಬೆಂದ ಮೇಲೆ. ಮೊದಲೇ ಹಾಕಿದರೆ ಎಳೆ ಮೆತ್ತಗಾಗದೆ ಬಿರುಸಾಗಿ ಉಳಿಯುತ್ತದೆ. ಶಾವಿಗೆ ಕೇಸರಿಬಾತಿಗೂ ಹೀಗೇ. ಸಕ್ಕರೆ ಬಿದ್ದ ತಕ್ಷಣ ಎಲ್ಲ ನೀರಾಗುತ್ತದೆ. ಗಾಬರಿಬಿದ್ದು ಜೋರಾಗಿ ತಿರುವಬಾರದು, ಎರಡು ನಿಮಿಷದಲ್ಲಿ ತಾನೇ ಗಟ್ಟಿಯಾಗುತ್ತದೆ.

ಅಷ್ಟರಲ್ಲಿ ಹೊಸ ಉಪ್ಪಿಟ್ಟು ಖಾಲಿ. ನನ್ನ ಇಟ್ಟಿಗೆ ಮಾತ್ರ ಹಾಗೇ ಇತ್ತು. ಸುಮಾ ಅದನ್ನು ಬೆರಳು ದಪ್ಪ ಹೋಳು ಮಾಡಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಹೆಂಚಿನ ಮೇಲೆ ಎರಡೂ ಕಡೆ ಕೆಂಪಗೆ ಮಾಡಿದಳು. ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ಶೀನ ಮೂರನೇ ಹೋಳು ಬಾಯಿಗಿಟ್ಟುಕೊಂಡು ನನ್ನ ಕಿವಿಯ ಹತ್ತಿರ ಬಂದ. "ಮುಂದಿನ ಭಾನುವಾರವೂ ಉಪ್ಪಿಟ್ಟು ನೀನೇ ಮಾಡೋ. ಎರಡೂವರೆ ಲೋಟ ನೀರೇ ಹಾಕು."